165/80 ಆರ್14 ಇದ್ದ ಜಾಗಕ್ಕೆ ಯಾವ ಟೈರ್?

ಉಣಕಲ್‌ನಿಂದ ಕೇಳಿದ್ದು: ನನ್ನ ಹಳೇ ಹ್ಯಾಚ್‌ಬ್ಯಾಕ್ ಟೈರ್ ಮೇಲೆ 165/80 ಆರ್14 85ಟಿ ಅಂತಿದೆ. ಅಂಗಡಿಯವರು "175/65 ಆರ್14 ಸ್ಟಾಕ್ ಇದೆ, ಅದೂ 14, ಅಗಲಾನೂ ಜಾಸ್ತಿ, ಹಾಕಿಸಿಬಿಡ್ರಿ" ಅಂದರು. ಕ್ಯಾಟಲಾಗ್ ನೋಡಿದರೆ ನನ್ನ ಗಾಡಿ ಹೆಸರಿನ ಮುಂದೆ 185/65 ಆರ್15 ಇದೆ. ಯಾವುದನ್ನು ನಂಬಲಿ?

ಧಾರವಾಡದವರು: 14ಕ್ಕೆ 14 ಇದ್ದರೆ ಸಾಕು, ಆರಾಮಾಗಿ ಕೂರುತ್ತದೆ. ಆರ್ ಅಂದರೆ ರೇಡಿಯಸ್, 14 ಇಂಚು. ಇನ್ನು 80ಕ್ಕೂ 65ಕ್ಕೂ 15 ಮಿ.ಮೀ. ಅಷ್ಟೇ ವ್ಯತ್ಯಾಸ, ತಲೆ ಕೆಡಿಸಿಕೊಳ್ಳಬೇಡಿ. ನಾನು ಅಗಲ ಟೈರ್ ಹಾಕಿಸಿ ಎರಡು ವರ್ಷ ಆಯ್ತು, ಮಳೆಗಾಲದಲ್ಲಿ ಹಿಡಿತ ಚೆನ್ನಾಗಿದೆ.

ಗದಗದವರು: ಟೈರ್ ಕೌಂಟರ್‌ನಲ್ಲಿ ಹನ್ನೊಂದು ವರ್ಷ ಕೂತವನು ನಾನು. ರಿಮ್‌ಗೆ ಕೂರುತ್ತದೆ ಅನ್ನೋದು ನಿಜ ಸರ್, ಉಳಿದದ್ದು ತಪ್ಪು. ಆರ್ ಅಂದರೆ ರೇಡಿಯಲ್. ರಿಮ್‌ನ ಈ ಅಂಚಿನಿಂದ ಆ ಅಂಚಿಗೆ 14 ಇಂಚು, ರೇಡಿಯಸ್ ಅಲ್ಲ. 80 ಮಿಲಿಮೀಟರೂ ಅಲ್ಲ. 165 ಮಿ.ಮೀ. ಅಗಲದಲ್ಲಿ ನೂರಕ್ಕೆ 80 ಪಾಲು ಗೋಡೆಯ ಎತ್ತರ, ಅಂದರೆ 132 ಮಿ.ಮೀ. ಒಂದೇ ಲೇಬಲ್‌ನಲ್ಲಿ ಅಗಲ ಮಿಲಿಮೀಟರ್, ರಿಮ್ ಇಂಚು. ಎಲ್ಲರೂ ಎಡವೋದು ಇಲ್ಲೇ.

ಗೋಡೆ ಮೇಲೂ ಇದೆ, ಕೆಳಗೂ ಇದೆ, ಹಾಗಾಗಿ ಎರಡು ಸಲ ಕೂಡಿಸಬೇಕು. ರಿಮ್‌ನ ಇಂಚನ್ನು 25.4ರಿಂದ ಗುಣಿಸಿ.

```
165/80-14:  132   × 2 + 14 × 25.4 = 619.6
175/65-14:  113.75 × 2 + 14 × 25.4 = 583.1
185/65-15:  120.25 × 2 + 15 × 25.4 = 621.5
```

ಅಂಗಡಿಯವರು ಹೇಳಿದ ಟೈರ್ ಸುಮಾರು 36 ಮಿ.ಮೀ. ಗಿಡ್ಡ. ಅದರ ಅರ್ಧ, 18 ಮಿ.ಮೀ., ನಿಮ್ಮ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ ಬರುತ್ತದೆ. ಕ್ಯಾಟಲಾಗ್‌ನ 15 ಇಂಚಿನದು ಎತ್ತರದಲ್ಲಿ ನಿಮ್ಮದಕ್ಕೆ ಸಮ. ಆದರೆ ಅದು ಬಹುಶಃ ಮೇಲಿನ ವೇರಿಯಂಟ್‌ದು, ನಿಮ್ಮ 14ರ ಡಿಸ್ಕ್‌ಗೆ ಕೂರೋದೇ ಇಲ್ಲ. ಕ್ಯಾಟಲಾಗ್‌ನಲ್ಲಿ ಗಾಡಿ ಹೆಸರಷ್ಟೇ ನೋಡಬೇಡಿ, ವೇರಿಯಂಟೂ ವರ್ಷವೂ ನೋಡಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕರ್ ಇರುತ್ತದೆ, ಮೊದಲು ಅದನ್ನು ಓದಿ.

ವಿದ್ಯಾನಗರದವರು: ಇದೇ ತಪ್ಪು ಮಾಡಿ ದುಡ್ಡು ಕಳೆದುಕೊಂಡವಳು ನಾನು. ಅದೇ 165ರ ಜಾಗಕ್ಕೆ ಅದೇ 175/65. ನೋಡೋಕೆ ಚಂದ ಇತ್ತು. ನಮ್ಮ ಓಣಿಯ ಹಂಪ್ ಮೇಲೆ ಮಾತ್ರ ದಿನಾ ಕರ್ರ್ ಅಂತ ಉಜ್ಜೋದು. ಮೊದಲು ಮೀಟರ್‌ನಲ್ಲಿ 80 ಇದ್ದಾಗ ಮೊಬೈಲ್ ಜಿಪಿಎಸ್ 77 ತೋರಿಸುತ್ತಿತ್ತು. ಆಮೇಲೆ 72, 73. ಕಿಲೋಮೀಟರ್ ಸುಮ್ನೆ ಓಡುತ್ತಿತ್ತು, ನಮ್ಮವರು ಮೈಲೇಜ್ ಜಾಸ್ತಿ ಆಯ್ತು ಅಂತ ಖುಷಿ ಪಟ್ಟಿದ್ದೇ ಪಟ್ಟಿದ್ದು!

ಬ್ಯಾಡಗಿಯವರು: ನನ್ನ ಪುಟ್ಟ ಗೂಡ್ಸ್ ಗಾಡಿಯಲ್ಲಿ 145 ಆರ್12 ಎಲ್‌ಟಿ ಅಂತಷ್ಟೇ ಇದೆ, ಗೀಟೂ ಇಲ್ಲ, 80ಉ ಇಲ್ಲ. ಕಾರಿನ 145/80 ಆರ್12 ಅಗ್ಗಕ್ಕೆ ಸಿಕ್ತು ಅಂತ ಹಾಕಿಸಿದೆ. ಅಳತೆ ಸರಿಯಾಗೇ ಕೂತಿತು. ಮೆಣಸಿನಕಾಯಿ ಚೀಲ ಹೇರಿ ನಾಲ್ಕು ಟ್ರಿಪ್ ಹೊಡೆದ ಮೇಲೆ ಪಕ್ಕದಲ್ಲಿ ಗುಳ್ಳೆ ಎದ್ದಿದೆ. ಮಾಲೇ ಕಳಪೆನಾ?

ಗದಗದವರು: ಮಾಲು ಕಳಪೆ ಅಲ್ಲದೇ ಇರಬಹುದು ಅಣ್ಣಾ, ಆ ಟೈರ್ ಹಾಕಿದ್ದೇ ತಪ್ಪು. ಗೀಟಿಲ್ಲದ ಹಳೇ ಬರಹ ಅಂದರೆ ಗೋಡೆ ಹೆಚ್ಚೂಕಡಿಮೆ 80 ಪಾಲು ಅಂತಲೇ ಅರ್ಥ, ಅದಕ್ಕೇ ಅಳತೆ ಕೂಡಿತು. ಹೊರೋ ತಾಕತ್ತು ಬೇರೆ. ಎಲ್‌ಟಿ ಅಂದರೆ ಲೈಟ್ ಟ್ರಕ್. ಕಾರಿನ ಆ ಸೈಜಿನ ಮೇಲೆ ಸಾಮಾನ್ಯವಾಗಿ 74 ಅಂತಿರುತ್ತದೆ, ಒಂದು ಟೈರ್‌ಗೆ 375 ಕೆ.ಜಿ. ಮಾತ್ರ. ಗುಳ್ಳೆ ಎದ್ದದ್ದನ್ನು ಮತ್ತೆ ಓಡಿಸಬೇಡಿ, ಇವತ್ತೇ ಬಿಚ್ಚಿಸಿ.

ಉಣಕಲ್‌ನವರೇ, ನಿಮಗೂ ಇದೇ ಮಾತು. ನಿಮ್ಮ 85 ಅಂದರೆ 515 ಕೆ.ಜಿ. 175/65ರ ಮೇಲೆ ಹೆಚ್ಚಾಗಿ 82 ಇರುತ್ತದೆ, ಅದು 475. ಎತ್ತರ ಕಡಿಮೆ ಆಗೋದಲ್ಲದೆ ಹೊರೆಯೂ ಇಳಿಯುತ್ತದೆ.

ಧಾರವಾಡದವರು: ಸರಿ, ರೇಡಿಯಲ್ ಅಂತ ಒಪ್ಪಿದೆ. ಹಾಗಾದರೆ ಅದೇ ಡಿಸ್ಕ್‌ಗೆ 185/70 ಆರ್14? ನಾನೀಗ ಲೆಕ್ಕ ಹಾಕಿದೆ, 614.6 ಬಂತು.

ಗದಗದವರು: ಲೆಕ್ಕ ಸರಿ ಇದೆ, ನೂರಕ್ಕೆ ಒಂದೂ ವ್ಯತ್ಯಾಸ ಬರೋದಿಲ್ಲ. ಬಹಳ ಜನ ಹಾಕಿಸುತ್ತಾರೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜುತ್ತಾ ಅಂತ ಮಾತ್ರ ಗಾಡಿಗೆ ಹಾಕಿಯೇ ನೋಡಬೇಕು. ಮೈಲೇಜ್ ಸ್ವಲ್ಪ ಬೀಳುತ್ತದೆ ಅಂತ ಗಿರಾಕಿಗಳು ಹೇಳಿದ್ದುಂಟು, ಇಲ್ಲ ಅಂದವರೂ ಇದ್ದಾರೆ. ಇನ್ನೊಂದು, ಒಂದೇ ಸೈಜಿಗೆ ಎರಡು ಕಂಪನಿ ಕ್ಯಾಟಲಾಗ್‌ನಲ್ಲಿ ಎತ್ತರ ಎರಡು ಮೂರು ಮಿ.ಮೀ. ಬೇರೆ ಕಂಡರೆ ಗಾಬರಿ ಬೇಡ. ಒಂದೇ ಆಕ್ಸಲ್‌ಗೆ ಎರಡು ಕಂಪನಿ ಟೈರ್ ಮಾತ್ರ ಹಾಕಬೇಡಿ.

ಹಳೇ ಹುಬ್ಬಳ್ಳಿಯವರು: ನೈಟ್ರೋಜನ್ ಗಾಳಿ ಹಾಕಿಸಿ, ಎಲ್ಲಾ ಸರಿ ಹೋಗುತ್ತದೆ.

ಉಣಕಲ್‌ನವರು: ಗಾಳಿ ಮಾತು ಆಮೇಲೆ ನೋಡೋಣ! ಸ್ಟಿಕರ್ ನೋಡಿದೆ, 165/80 ಅಂತಲೇ ಇದೆ. ಸಮಾಧಾನ ಆಗದೆ ಟೈರ್‌ಗೂ ನೆಲಕ್ಕೂ ಸೀಮೆಸುಣ್ಣ ಹಚ್ಚಿ, ಗಾಡಿ ಒಂದು ಸುತ್ತು ತಳ್ಳಿಸಿ ಟೇಪ್ ಹಿಡಿದೆ. ಲೆಕ್ಕದಲ್ಲಿ 1946 ಮಿ.ಮೀ. ಬರಬೇಕು, ಟೇಪಲ್ಲಿ 1885 ಬಂತು.

ಗದಗದವರು: ಸರಿಯಾಗೇ ಬಂದಿದೆ. ಗಾಡಿ ಭಾರಕ್ಕೆ ಟೈರ್ ಕೆಳಗೆ ಕೂರುತ್ತದೆ, ಹಳೇ ಟೈರ್ ಸವೆದಿರುತ್ತದೆ ಬೇರೆ.

ಉಣಕಲ್‌ನವರು: ಹಾಗಾದರೆ 165/80ನೇ ಆರ್ಡರ್ ಕೊಟ್ಟೆ, ಮಂಗಳವಾರ ಬರುತ್ತಂತೆ. ಸ್ಟೆಪ್ನಿ ಹಳೇದೇ ಇರಲಿ ಅಂತಿದ್ದೇನೆ, ನಡೆಯುತ್ತಾ?