[ಪದಚರ್ಚೆ] ಬಾಟಲಿ, ಕ್ರೇಟಿಗೆ ಹಿಡಿದಿಟ್ಟುಕೊಳ್ಳುವ ಹಣಕ್ಕೆ ಯಾವ ಪದ? ಬೋರ್ಡು ಸಂಜೆ ಅಚ್ಚಿಗೆ ಹೋಗಬೇಕು

ವಸುಧಾ:

ಎಲ್ಲರಿಗೂ ನಮಸ್ಕಾರ. ಗಾಜಿನ ಬಾಟಲಿಯಲ್ಲಿ ಪಾನೀಯ ಮಾರುವವರೊಬ್ಬರ ಬೋರ್ಡು ಮತ್ತು ಬಿಲ್ಲಿನ ನಮೂನೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಕ್ರೇಟಿನಲ್ಲಿ 24 ಬಾಟಲಿ. ಮಾಲಿನ ಬೆಲೆಯ ಮೇಲೆ ಬಾಟಲಿಗೆ 5 ರೂಪಾಯಿ, ಕ್ರೇಟಿಗೆ 100 ರೂಪಾಯಿ ಹಿಡಿದುಕೊಳ್ಳುತ್ತಾರೆ, ಖಾಲಿ ತಂದುಕೊಟ್ಟಾಗ ವಾಪಸ್ ಕೊಡುತ್ತಾರೆ. ಮೂಲ ಕರಡಿನಲ್ಲಿ ಯಾರೋ ‘ಬಾಟಲಿ ಮುಂಗಡ’ ಎಂದು ಬರೆದಿದ್ದಾರೆ. ನನಗದು ಸರಿ ಕಾಣಲಿಲ್ಲ. ‘ಠೇವಣಿ’ ಎಂದರೆ ಬ್ಯಾಂಕಿನ ನೆನಪಾಗುತ್ತದೆಂದು ಅಂಗಡಿಯವರ ತಕರಾರು. ಬೋರ್ಡು, ಬಿಲ್ಲು, ವಾಪಸಾತಿ ಚೀಟಿ ಮೂರಕ್ಕೂ ಒಂದೇ ಪದ ಬೇಕು. ಸಂಜೆಯೊಳಗೆ ಹೇಳಿದರೆ ಉಪಕಾರ.

ನಾಗಭೂಷಣ:

ಠೇವಣಿ ಮರಾಠಿಯ ‘ಠೇವ್’ನಿಂದ ಬಂದದ್ದು, ಇಡುವುದು ಎಂಬ ಅರ್ಥ. ನಮ್ಮಲ್ಲಿ ‘ಇಡು’ ಇರುವಾಗ ಅದೇಕೆ ಬೇಕು? ಬಿಡು ಬೀಡಾಯಿತು, ಕೆಡು ಕೇಡಾಯಿತು, ಪಡು ಪಾಡಾಯಿತು. ಹಾಗೆಯೇ ಇಡು ‘ಈಡು’. ಒತ್ತೆಯಿಟ್ಟದ್ದು ಎಂಬ ಅರ್ಥ ಅದಕ್ಕೆ ಹಿಂದಿನಿಂದಲೂ ಇದೆ. ‘ಬಾಟಲಿ ಈಡು’ ಎಂದು ಹಾಕಿ. ಎರಡಕ್ಷರ, ಬೋರ್ಡಿನಲ್ಲಿ ಜಾಗವೂ ಉಳಿಯುತ್ತದೆ.

ಇಬ್ರಾಹಿಂ:

ಮುಂಗಡ ಖಂಡಿತ ತಪ್ಪು. ಮುಂಗಡ ಕೊನೆಗೆ ಬೆಲೆಯಲ್ಲೇ ವಜಾ ಆಗುವ ಹಣ. ಬಿಲ್ಲಿನಲ್ಲಿ ‘ಬಾಟಲಿ ಮುಂಗಡ 120’ ಎಂದು ಕಂಡ ಗಿರಾಕಿ ಮುಂದಿನ ಸಲ ಮಾಲು ಒಯ್ಯುವಾಗ ಅದನ್ನು ಮುರಿದುಕೊಳ್ಳಿ ಅನ್ನುತ್ತಾನೆ. ಬಾಟಲಿ ಅವನ ಮನೆಯಲ್ಲೇ ಇರುತ್ತದೆ. ನ್ಯಾಯವಾಗಿಯೇ ಕೇಳುತ್ತಾನೆ, ಪದವೇ ಹಾಗೆ ಹೇಳುತ್ತಿದೆಯಲ್ಲ.

ಈಡಿನ ತೊಡಕು ಬೇರೆ. ಒತ್ತೆ, ಈಡು, ಅಡವು ಈ ಮೂರರಲ್ಲೂ ನಾವು ವಸ್ತು ಕೊಟ್ಟು ಹಣ ತರುತ್ತೇವೆ. ಇಲ್ಲಿ ಹಣ ಕೊಟ್ಟು ವಸ್ತು ಒಯ್ಯುತ್ತೇವೆ. ‘ಬಾಟಲಿ ಈಡು’ ಎಂದರೆ ಬಾಟಲಿಯನ್ನೇ ಅಡವಿಟ್ಟ ಹಾಗೆ ಕೇಳಿಸುತ್ತದೆ. ‘ಬಾಟಲಿಗೆ ಈಡು’ ಎಂದರೆ ವ್ಯಾಕರಣ ಸರಿಹೋಗುತ್ತದೆ, ಆದರೆ ಇವತ್ತಿನ ಓದುಗನ ಕಣ್ಣಿಗೆ ಈಡಾಗು, ಈಡೇರು ಇವೇ ಬೀಳುವುದು.

ನಾಗಭೂಷಣ:

ಓದುಗನಿಗೆ ಗೊತ್ತಿಲ್ಲ ಅಂತ ಪದ ಬಿಡುತ್ತಾ ಹೋದರೆ ಕೊನೆಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಜರ್ಮನಿಯಲ್ಲಿ ಇದೇ ಹಣಕ್ಕೆ ‘ಫಾಂಡ್’ ಅನ್ನುತ್ತಾರೆ, ಅರ್ಥ ಒತ್ತೆ ಎಂದೇ. ಅಲ್ಲಿನ ಜನ ಬಾಟಲಿ ಅಡವಿಟ್ಟೆವೆಂದು ಗಾಬರಿಯಾಗಿಲ್ಲ.

ಶೈಲಜಾ:

ವಸುಧಾ ಅವರೇ, ಇದಕ್ಕೆ ಗುಜರಿಯವರು ‘ಖಾಲಿ ಬಾಟಲಿ ದರ’ ಎಂದು ಬರೆಯುತ್ತಾರಲ್ಲ, ಅದನ್ನೇ ಹಾಕಬಹುದಲ್ಲವೇ? ಜನಕ್ಕೆ ತಕ್ಷಣ ತಿಳಿಯುತ್ತದೆ. ಇನ್ನು ಠೇವಣಿ ಎಂದರೆ ಬಡ್ಡಿ ಬರಬೇಕು. ಬಡ್ಡಿ ಇಲ್ಲದ್ದನ್ನು ಠೇವಣಿ ಅನ್ನುವುದು ಸರಿಯಲ್ಲ.

ಇಬ್ರಾಹಿಂ:

ಶೈಲಜಾ ಮೇಡಂ, ಗುಜರಿಯವನು ಬಾಟಲಿಯನ್ನು ಕೊಳ್ಳುತ್ತಾನೆ. ಒಡೆದದ್ದನ್ನೂ ಕೊಳ್ಳುತ್ತಾನೆ, ಅವನಿಗೆ ಗಾಜಿನ ತೂಕ ಸಾಕು. ಇಲ್ಲಿ ಬಾಟಲಿ ಮಾರಾಟವೇ ಆಗಿಲ್ಲ, ಅದು ಯಾವತ್ತೂ ಕಂಪನಿಯ ಸ್ವತ್ತು. ‘ದರ’ ಎಂದು ಬರೆದ ಕೂಡಲೇ ಕಂಡವರ ಬಾಟಲಿಯೆಲ್ಲ ಕೌಂಟರಿಗೆ ಬರುತ್ತದೆ.

ಬಡ್ಡಿಯ ಮಾತು ನಿಲ್ಲುವುದಿಲ್ಲ. ಚುನಾವಣೆಗೆ ನಿಂತವರು ಕಟ್ಟುವುದೂ ಠೇವಣಿಯೇ, ಅದಕ್ಕೇನು ಬಡ್ಡಿ ಬರುತ್ತದೆಯೇ? ಚಲಾಯಿತ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಹೋಯಿತು. ‘ಠೇವಣಿ ಕಳೆದುಕೊಂಡ’ ಅನ್ನುವುದನ್ನು ಕೇಳದವರಿಲ್ಲ. ಷರತ್ತು ಪೂರೈಸಿದರೆ ವಾಪಸ್, ಇಲ್ಲದಿದ್ದರೆ ಇಲ್ಲ ಎಂಬ ಅರ್ಥ ಆ ಪದಕ್ಕೆ ಆಗಲೇ ಒಗ್ಗಿದೆ. ನಮಗೆ ಬೇಕಾದದ್ದು ಅದೇ.

ನಾಗಭೂಷಣರು ಎತ್ತಿದ ಜರ್ಮನಿಯ ಉದಾಹರಣೆ ಲೆಕ್ಕ ತಿಳಿಯಲು ಒಳ್ಳೆಯದು. ಅಲ್ಲಿ ಮತ್ತೆ ತುಂಬುವ ಬಿಯರ್ ಬಾಟಲಿಗೆ 8 ಸೆಂಟ್, ಖಾಲಿ ಕ್ರೇಟಿಗೆ 1.50 ಯೂರೊ. 20 ಬಾಟಲಿಯ ಕ್ರೇಟಿಗೆ ಒಟ್ಟು 3.10 ಯೂರೊ. ಒಂದೇ ಸಲ ಬಳಸಿ ಬಿಸಾಡುವ ಬಾಟಲಿ, ಡಬ್ಬಿಗೆ 25 ಸೆಂಟ್. ಬಾಟಲಿಯದೂ ಕ್ರೇಟಿನದೂ ಬೇರೆ ಬೇರೆ ಸಾಲು ಎಂಬುದನ್ನು ಗಮನಿಸಿ, ನಿಮ್ಮ ಬಿಲ್ಲಿನಲ್ಲೂ ಹಾಗೇ ಇರಲಿ. ಕ್ರೇಟು ಬಂದು ಬಾಟಲಿ ಬರದೇ ಇರುವುದು, ಬಾಟಲಿ ಚೀಲದಲ್ಲಿ ಬಂದು ಕ್ರೇಟು ಅಂಗಡಿಯಲ್ಲಿ ಸ್ಟೂಲಾಗಿ ಉಳಿಯುವುದು, ಎರಡೂ ದಿನನಿತ್ಯದ ವಿಷಯ.

ವಸುಧಾ:

ಇಬ್ರಾಹಿಂ ಸರ್, ಹಾಗಾದರೆ ಬಿಲ್ಲು ಹೇಗಿರಬೇಕು? ‘ಠೇವಣಿ ಹಿಂದಿರುಗಿಸುವಿಕೆ’ ಎಂದು ಬರೆದಿದ್ದೆ, ಓದಲು ಕಬ್ಬಿಣದ ಕಡಲೆ.

ಇಬ್ರಾಹಿಂ:

ಬೇಡ. ಇಲ್ಲಿ ಹಿಂದಿರುಗುವುದು ಎರಡು: ಬಾಟಲಿ ಅಂಗಡಿಗೆ, ಹಣ ಗಿರಾಕಿಗೆ. ಒಂದೇ ಕ್ರಿಯಾಪದ ಇಟ್ಟರೆ ಯಾರು ಯಾವುದನ್ನು ಕೊಡಬೇಕೆಂದು ತಿಳಿಯುವುದಿಲ್ಲ. ಬಾಟಲಿಗೆ ‘ತಂದುಕೊಡಿ’, ಹಣಕ್ಕೆ ‘ವಾಪಸ್’. ‘ಮರುಪಾವತಿ’ ಅಂದರೆ ಸಾಲ ತೀರಿಸಿದ ಹಾಗೆ, ಅದನ್ನು ಮುಟ್ಟಬೇಡಿ.

ನೀವು ಕೊಟ್ಟ ಅಂಕಿಯಲ್ಲೇ ನೋಡಿ. ಒಂದು ಕ್ರೇಟು ಒಯ್ದಾಗ ಬಾಟಲಿ ಠೇವಣಿ 24ಕ್ಕೆ 120, ಕ್ರೇಟ್ ಠೇವಣಿ 100, ಒಟ್ಟು 220. ಗಿರಾಕಿ 22 ಬಾಟಲಿಯ ಸಮೇತ ಕ್ರೇಟು ತಂದ ಎನ್ನಿ. ಒಂದರ ಬಾಯಿ ಚೂರು ಎದ್ದಿದೆ. ಎಣಿಕೆಗೆ ಸಿಗುವುದು 21. ಅವಕ್ಕೆ 105, ಕ್ರೇಟಿಗೆ 100, ವಾಪಸ್ 205. ಅಂಗಡಿಯಲ್ಲಿ ಉಳಿದದ್ದು 15. ಅದೇ ಹೊತ್ತಿಗೆ ಇನ್ನೊಂದು ಕ್ರೇಟು ಒಯ್ದರೆ ಅವನು ಮಾಲಿನ ಹಣದ ಜೊತೆ ಕೈಯಿಂದ ಕೊಡಬೇಕಾದದ್ದು 15 ಮಾತ್ರ. ಹಾಗೆಂದು ಬಿಲ್ಲಿನಲ್ಲಿ ಬರೀ 15 ಬರೆಯಬೇಡಿ. ‘ಠೇವಣಿ 220’, ‘ಠೇವಣಿ ವಾಪಸ್ 205’ ಎಂದು ಎರಡು ಸಾಲೂ ಕಾಣಬೇಕು. ಇಲ್ಲದಿದ್ದರೆ ಆ 15 ಏನೆಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಆ 15ಕ್ಕೆ ‘ದಂಡ’, ‘ಮುಟ್ಟುಗೋಲು’ ಅನ್ನಬೇಡಿ. ಎರಡು ಬಾಟಲಿ ಬಂದೇ ಇಲ್ಲ, ನಾಳೆ ಸಿಕ್ಕಿದರೆ ತರಬಹುದು, ಆ 10 ಇನ್ನೂ ಅವನದೇ. ಬಾಯಿ ಒಡೆದದ್ದರ 5 ಮಾತ್ರ ನಿಜವಾಗಿ ಮುಗಿಯಿತು. ಒಂದಕ್ಕೆ ‘ಬಾಕಿ ಬಾಟಲಿ’, ಇನ್ನೊಂದಕ್ಕೆ ‘ಒಡೆದದ್ದಕ್ಕೆ ಕಡಿತ’ ಎಂದರೆ ಸಾಕು. ಲೆಕ್ಕಪುಸ್ತಕದಲ್ಲಿಯೂ ಹಾಗೆಯೇ. ವಾಪಸ್ ಕೊಡುವವರೆಗೆ ಠೇವಣಿ ಅಂಗಡಿಯ ಮೇಲಿನ ಸಾಲ, ಕಡಿತವಾದದ್ದು ಮಾತ್ರ ಆದಾಯ. ಇದನ್ನು ಬೆರೆಸಿದವರು ಬೇಸಿಗೆಯಲ್ಲಿ ಲಾಭ ಕಂಡು ಹಿಗ್ಗುತ್ತಾರೆ, ಮಳೆಗಾಲದಲ್ಲಿ ಖಾಲಿಗಳೆಲ್ಲ ತಿರುಗಿ ಬಂದಾಗ ಕೈಯಲ್ಲಿ ಹಣ ಇರುವುದಿಲ್ಲ.

ನಾಗಭೂಷಣ:

ವಾಪಸ್, ಬಾಕಿ, ಠೇವಣಿ, ಕ್ರೇಟ್, ಬಾಟಲಿ. ಕನ್ನಡ ಬೋರ್ಡು! ‘ಮರಳುಹಣ’ ಎಂದಾದರೂ ಹಾಕಿ.

ಇಬ್ರಾಹಿಂ:

ಮರಳುಹಣ ಎಂದರೆ ಮರಳು ಸಾಗಿಸಿದ್ದಕ್ಕೆ ಕೊಡುವ ಹಣ ಎಂದು ಓದಿಕೊಳ್ಳುತ್ತಾರೆ.

ನಾಗಭೂಷಣ:

ಓದಿಕೊಳ್ಳಲಿ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುವ ಬುದ್ಧಿ ಕನ್ನಡಿಗನಿಗಿಲ್ಲ ಎಂದು ತೀರ್ಮಾನಿಸಿದವರ ಜೊತೆ ವಾದವಿಲ್ಲ.

ಮಂಜುನಾಥ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಎಲ್ಲರೂ ಹೇಳುವುದು ‘ಡಿಪಾಜಿಟ್’, ಬೇರೆ ಪದ ಯಾರೂ ಕೇಳುವುದಿಲ್ಲ. ನನ್ನ ಪ್ರಶ್ನೆ ಪದದ್ದಲ್ಲ. ಠೇವಣಿ 100 ಇದ್ದದ್ದನ್ನು 150 ಮಾಡಿದ್ದೇವೆ. ಹಳೆಯ ಕ್ಯಾನು ತಂದವರಿಗೆ ಎಷ್ಟು ಕೊಡಬೇಕು? ಬೋರ್ಡಿನಲ್ಲಿ ಅದನ್ನು ಹೇಗೆ ಬರೆಯುವುದು?

ಇಬ್ರಾಹಿಂ:

ಇದು ಪದದ್ದೇ ಪ್ರಶ್ನೆ, ಮಂಜುನಾಥ್. ಹೊರಗೆ 400 ಕ್ಯಾನು ಇದ್ದರೆ ನೀವು ಹಿಡಿದುಕೊಂಡಿರುವುದು 40,000. ‘ಕ್ಯಾನ್ ಠೇವಣಿ 150’ ಎಂದಷ್ಟೇ ಬೋರ್ಡು ಹಾಕಿದರೆ ಎಲ್ಲರೂ 150 ಕೇಳುತ್ತಾರೆ, ಕೊಡಬೇಕಾದದ್ದು 60,000. ವ್ಯತ್ಯಾಸದ 20,000 ನಿಮ್ಮ ಕಿಸೆಯಿಂದ. ಬದಲಿಸುವ ಸುದ್ದಿ ಮೊದಲೇ ಹಬ್ಬಿದರೆ ಇನ್ನೂ ಕಷ್ಟ, ಆ ದಿನ ಬರುವವರೆಗೆ ಖಾಲಿ ಕ್ಯಾನು ಮನೆಯಿಂದ ಹೊರಡುವುದೇ ಇಲ್ಲ. ಹೊಸ ಠೇವಣಿಯ ಕ್ಯಾನಿಗೆ ಬೇರೆ ಬಣ್ಣದ ಮುಚ್ಚಳ ಸಾಲದು, ಮುಚ್ಚಳ ಅದಲುಬದಲಾಗುತ್ತದೆ. ಮೈಯ ಬಣ್ಣವೋ ಅಚ್ಚೋ ಬೇರೆ ಇರಬೇಕು. ಆಗ ಬೋರ್ಡಿನಲ್ಲಿ ‘ನೀಲಿ ಕ್ಯಾನಿಗೆ 100, ಹಸಿರು ಕ್ಯಾನಿಗೆ 150’ ಎಂದು ಬರೆದರೆ ಮುಗಿಯಿತು.

ಇನ್ನೊಂದು. ಠೇವಣಿ ಹೊಸ ಕ್ಯಾನಿನ ಬೆಲೆಗಿಂತ ತೀರಾ ಕಡಿಮೆಯಿದ್ದರೆ ಕ್ಯಾನು ತಿರುಗಿ ಬರುವುದಿಲ್ಲ, ಬಕೆಟ್ಟಿಗಿಂತ ಅಗ್ಗವಾಗಿಬಿಡುತ್ತದೆ. ಬೆಲೆಗಿಂತ ಜಾಸ್ತಿಯಾದರೆ ನೀವು ಕೊಟ್ಟದ್ದಕ್ಕಿಂತ ಹೆಚ್ಚು ಕ್ಯಾನು ವಾಪಸ್ ಬರುತ್ತದೆ. ಲೆಕ್ಕದಲ್ಲಿ ಹಾಗೆ ಕಂಡರೆ ಯಾರೋ ಹೊರಗೆ ಕೊಂಡು ನಿಮಗೆ ‘ವಾಪಸ್’ ಕೊಡುತ್ತಿದ್ದಾರೆಂದೇ ಅರ್ಥ.

ಶೈಲಜಾ:

ಬಣ್ಣ ಯಾಕೆ, ರಸೀದಿ ಇದೆಯಲ್ಲ? ‘ರಸೀದಿಯಲ್ಲಿರುವ ಮೊತ್ತ ಮಾತ್ರ’ ಎಂದರೆ ಜಗಳವೇ ಇಲ್ಲ.

ಇಬ್ರಾಹಿಂ:

ಕ್ಯಾನಿಗೆ ನಡೆಯಬಹುದು, ಮನೆ ಮನೆಯ ಲೆಕ್ಕ ಇರುತ್ತದೆ. ಬಾಟಲಿಗೆ ನಡೆಯುವುದಿಲ್ಲ. ಕುಡಿದವನೊಬ್ಬ, ತಂದುಕೊಡುವವನೊಬ್ಬ. ರಸೀದಿ ಕೇಳಿದ ದಿನದಿಂದ ಬಾಟಲಿ ಬರುವುದು ನಿಲ್ಲುತ್ತದೆ.

ಶೈಲಜಾ:

ಹಾಗಾದರೆ ಅದು ಕಟ್ಟಿದವನ ಠೇವಣಿ ಹೇಗಾಯಿತು? ತಂದವನಿಗೆ ಕೊಡುವ ಇನಾಮಾಯಿತು. ನನ್ನ ಆಕ್ಷೇಪ ಹಾಗೆಯೇ ಇರಲಿ.

ವಸುಧಾ:

ಶೈಲಜಾ ಅವರ ಪ್ರಶ್ನೆಗೆ ನನ್ನಲ್ಲೂ ಉತ್ತರವಿಲ್ಲ, ಆದರೆ ಅಚ್ಚಿನವರು ಕಾಯುತ್ತಿದ್ದಾರೆ. ಹೀಗೆ ಮಾಡಿದ್ದೇನೆ:

ಬಾಟಲಿಗೆ ಠೇವಣಿ ₹5. ಕ್ರೇಟಿಗೆ ಠೇವಣಿ ₹100.
ಖಾಲಿ ತಂದುಕೊಡಿ, ಠೇವಣಿ ವಾಪಸ್ ಪಡೆಯಿರಿ.
ನಮ್ಮ ಗುರುತಿನ ಬಾಟಲಿ ಮಾತ್ರ. ಬಾಯಿ ಒಡೆದದ್ದಕ್ಕೆ ಠೇವಣಿ ವಾಪಸ್ ಇಲ್ಲ.

ಇಬ್ರಾಹಿಂ:

‘ಎಣ್ಣೆ, ಬಣ್ಣ ತುಂಬಿದ್ದ ಬಾಟಲಿ ಬೇಡ’ ಎಂದು ಒಂದು ಸಾಲು ಸೇರಿಸಿ. ತೊಳೆಯುವುದು ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ. ಸಕ್ಕರೆಯ ಜಿಡ್ಡು, ಲೇಬಲ್ಲಿನ ಅಂಟು ಅದಕ್ಕೆ ಬಿಡುತ್ತದೆ, ಒಣಗಿದ ಬಣ್ಣ ಬಿಡುವುದಿಲ್ಲ, ಸೀಮೆಎಣ್ಣೆಯ ವಾಸನೆ ನಂಬುವಂತಿಲ್ಲ. ಕೌಂಟರಿನವನು ಬಾಯಿಯ ಸುತ್ತ ಬೆರಳಾಡಿಸಿದ ಮೇಲೆ ಒಮ್ಮೆ ಮೂಸಿಯೂ ನೋಡಬೇಕು. ಬೋರ್ಡಿನಲ್ಲಿ ಆ ಸಾಲು ಇಲ್ಲದಿದ್ದರೆ ಅವನು ತಿರಸ್ಕರಿಸಿದಾಗ ಬೈಸಿಕೊಳ್ಳುತ್ತಾನೆ.

ವಸುಧಾ:

ಸೇರಿಸಿದೆ. ಕಳಿಸುತ್ತಿದ್ದೇನೆ.

ನಾಗಭೂಷಣ:

‘ವಾಪಸ್ ಪಡೆಯಿರಿ’ಯಲ್ಲಿ ಫಾರಸಿ ಇದೆ ಎಂದು ದಾಖಲೆಗಾಗಿ ಹೇಳಿರುತ್ತೇನೆ.