ಅಪ್‌ಡೇಟ್: ಅಪ್ಪನ ಅಲ್ಸರ್‌ಗೆ ಕಾರಣ ಮೆಣಸಿನಕಾಯಿ ಅಲ್ಲವಂತೆ

ನಾನು ಕೇಳಿದ್ದು: "ಖಾರ ಪೂರ್ತಿ ಬಿಟ್ಟು ಮಜ್ಜಿಗೆ ಅನ್ನಕ್ಕೆ ಬಂದರೂ ಅಪ್ಪನ ಹೊಟ್ಟೆ ಉರಿ ನಿಲ್ತಿಲ್ಲ, ಏನು ಮಾಡಲಿ?"

ಎಂಡೋಸ್ಕೋಪಿ ಮಾಡಿಸಿ ಅಂದವರಿಗೆ ಥ್ಯಾಂಕ್ಸ್. ಸಣ್ಣ ಕರುಳಿನ ಶುರುವಿನಲ್ಲೇ ಹುಣ್ಣು ಸಿಕ್ತು. ಹೊಟ್ಟೆಯೊಳಗಿಂದ ತೆಗೆದ ಚೂರನ್ನು ಹಳದಿ ಜೆಲ್‌ಗೆ ಹಾಕಿದರು, ಸ್ವಲ್ಪ ಹೊತ್ತಿಗೇ ಅದು ಗುಲಾಬಿ ಬಣ್ಣಕ್ಕೆ ತಿರುಗಿತು. ಅಂದರೆ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದೆ ಅಂತ. ಜೊತೆಗೆ ಮಂಡಿನೋವಿಗೆ ಅಪ್ಪ ನುಂಗುತ್ತಿದ್ದ ಡೈಕ್ಲೋಫೆನಾಕ್. ಹುಣ್ಣಿಗೆ ಮುಖ್ಯ ಕಾರಣಗಳು ಇವೆರಡೇ ಅಂತೆ. ಖಾರ ಇರೋ ಹುಣ್ಣನ್ನು ಉರಿಸಬಹುದು, ಹುಟ್ಟಿಸಲ್ಲ.

ತಣ್ಣನೆ ಹಾಲಿನ ಸಲಹೆ ಕೆಲಸ ಮಾಡಲಿಲ್ಲ. ಆ ಕ್ಷಣಕ್ಕೆ ಹಿತ, ಆಮೇಲೆ ಮತ್ತೆ ಉರಿ. ಹಾಲು ಆಸಿಡ್ ಹೆಚ್ಚಿಸುತ್ತೆ ಅಂತ ಡಾಕ್ಟರ್ ಹೇಳಿದಾಗ ಅಮ್ಮ ನಂಬಲೇ ಇಲ್ಲ!

ಈಗ ಡೈಕ್ಲೋಫೆನಾಕ್ ಬದಲು ಪ್ಯಾರಸಿಟಮಾಲ್. ಆಂಟಿಬಯಾಟಿಕ್ ಕೋರ್ಸ್ 14 ದಿನ, ಆಸಿಡ್ ತಗ್ಗಿಸೋ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು. ಉರಿ ಆಗಲೇ ಇಳಿದಿದೆ, ಆದರೆ ನಡುವೆ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಉಳಿದುಬಿಡುತ್ತೆ. ಕೋರ್ಸ್ ಮುಗಿದು ಕನಿಷ್ಠ 4 ವಾರದ ಮೇಲೆ ಉಸಿರಿನ ಪರೀಕ್ಷೆ. ಅದಕ್ಕೆ 2 ವಾರ ಮೊದಲೇ, ಡಾಕ್ಟರನ್ನು ಕೇಳಿ, ಆಸಿಡ್ ಮಾತ್ರೆ ನಿಲ್ಲಿಸಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು.

ಪಥ್ಯ ದೊಡ್ಡದೇನಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಬೀಡಿ ಬಂದ್, ಖಾರ ತಡೆಯೋವಷ್ಟು. ನಿನ್ನೆ ಹುಳಿಗೆ ನಂಜಿಕೊಳ್ಳೋಕೆ ಬಾಳಕದ ಮೆಣಸಿನಕಾಯಿ ಕೇಳಿದರು, ಕೊಟ್ಟೆವು, ಏನೂ ಆಗಲಿಲ್ಲ.