ಸಹಾಯ ಬೇಕು: ಮಳೆಯ ಪಟ್ಟಿಯಿಂದ ಒಟ್ಟು ಮಳೆ ತೆಗೆಯುವಾಗ ಸಿಂಪ್ಸನ್ ನಿಯಮ ಎರಡು ಉತ್ತರ ಕೊಡುತ್ತಿದೆ

ನಮಸ್ಕಾರ. ನಮ್ಮ ಅಡಿಕೆ ತೋಟದ ಮಳೆಮಾಪಕವು ಪ್ರತಿ ಗಂಟೆಗೊಮ್ಮೆ ಆ ಕ್ಷಣದ ಮಳೆಯ ದರವನ್ನು ಮಾತ್ರ ದಾಖಲಿಸುತ್ತದೆ. ಮೊನ್ನೆ ಮಧ್ಯಾಹ್ನ 2ರಿಂದ ರಾತ್ರಿ 8ರವರೆಗೆ ಸಿಕ್ಕ ಅಂಕಿಗಳು, ಗಂಟೆಗೆ ಮಿಲಿಮೀಟರ್ ಲೆಕ್ಕದಲ್ಲಿ, ಹೀಗಿವೆ: 0, 4, 18, 46, 12, 6, 0.

ತ್ರಾಪಿಜ್ಯ ನಿಯಮದಿಂದ ಒಟ್ಟು ಮಳೆ 86 ಮಿ.ಮೀ. ಬಂತು. ಸಿಂಪ್ಸನ್ ನಿಯಮ ಹೆಚ್ಚು ನಿಖರವೆಂದು ಕಾಲೇಜಿನಲ್ಲಿ ಕಲಿತಿದ್ದರಿಂದ ಅದನ್ನೂ ಹಾಕಿ ನೋಡಿದಾಗ 94.7 ಬಂತು. ಅನುಮಾನ ಬಂದು, ಮಳೆಯೇ ಇಲ್ಲದಿದ್ದ 1 ಗಂಟೆಯ ಮತ್ತು 9 ಗಂಟೆಯ ಸೊನ್ನೆಗಳನ್ನು ಎರಡೂ ತುದಿಗೆ ಸೇರಿಸಿ ಮತ್ತೆ ಲೆಕ್ಕ ಹಾಕಿದರೆ, ಒಂದು ಹನಿಯೂ ಹೆಚ್ಚದೆ ಉತ್ತರ 77.3ಕ್ಕೆ ಇಳಿಯಿತು, ತ್ರಾಪಿಜ್ಯದ 86 ಮಾತ್ರ ಕದಲಲಿಲ್ಲ.

ಕಾರಣ ನನಗೆ ಕಂಡಷ್ಟು ಇದು: ಮೊದಲ ಲೆಕ್ಕದಲ್ಲಿ 5 ಗಂಟೆಯ 46 ಎಂಬ ಶಿಖರಕ್ಕೆ 4/3ರ ತೂಕ ಸಿಕ್ಕಿತ್ತು, ಎರಡನೆಯದರಲ್ಲಿ ಅದು ಒಂದು ಸ್ಥಾನ ಸರಿದದ್ದರಿಂದ 2/3ರ ತೂಕವಷ್ಟೇ ಸಿಕ್ಕಿತು. ಪಕ್ಕದಲ್ಲೇ ಇಟ್ಟಿದ್ದ ಅಳತೆಯ ಪಾತ್ರೆಯಲ್ಲಿ 79 ಮಿ.ಮೀ. ನೀರಿತ್ತು. ಇದು 77.3ಕ್ಕೆ ಹತ್ತಿರವಿದ್ದರೂ ಕಾಕತಾಳೀಯವೆಂದೇ ನನ್ನ ಅನಿಸಿಕೆ, ಏಕೆಂದರೆ ಆ ಜೋರು ಮಳೆ ಹತ್ತೇ ನಿಮಿಷ ಸುರಿದಿತ್ತೋ ಮುಕ್ಕಾಲು ಗಂಟೆಯೋ ಎಂಬುದು ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ತಿಳಿದವರು ದಯವಿಟ್ಟು ಹೇಳಿ: ಹೀಗೆ ಚೂಪಾಗಿ ಏರಿಳಿಯುವ ದತ್ತಾಂಶಕ್ಕೆ ಸಿಂಪ್ಸನ್ ಬಿಟ್ಟು ತ್ರಾಪಿಜ್ಯವನ್ನೇ ಬಳಸುವುದು ಸರಿಯೇ, ಮತ್ತು ಆ 86ರ ಜೊತೆ ಎಷ್ಟು ದೋಷವನ್ನು ಯಾವ ಆಧಾರದ ಮೇಲೆ ಬರೆಯಬೇಕು?